ದೂರು ಕೈಗೆ ಬಂದ ದಿನದಿಂದ ವರದಿಯವರೆಗೆ

ಎಲ್ಲರಿಗೂ ನಮಸ್ಕಾರ. ನೀವೆಲ್ಲ ನಿಮ್ಮ ಕಾರ್ಖಾನೆಗಳ ಆಂತರಿಕ ಸಮಿತಿಗೆ ಹೊಸದಾಗಿ ಸೇರಿದವರು. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ನಿಮ್ಮ ಕೈಲಿರುವ ಪುಸ್ತಿಕೆಯಲ್ಲೇ ಇದೆ. ಅದನ್ನು ಓದಿ ಹೇಳಿ ನಿಮ್ಮ ಮಧ್ಯಾಹ್ನ ಹಾಳು ಮಾಡುವುದಿಲ್ಲ. ಒಂದು ಪ್ರಕರಣ ತಗೊಂಡು ನೋಡೋಣ. ಉದಾಹರಣೆಗೆ ಅಂತ ನಾನೇ ಕಟ್ಟಿದ್ದು.

ಒಂದು ಗಾರ್ಮೆಂಟ್ ಫ್ಯಾಕ್ಟರಿ. ಟೈಲರ್ ಒಬ್ಬಳು ತನ್ನ ಲೈನ್ ಸೂಪರ್‌ವೈಸರ್ ಮೇಲೆ ದೂರು ಬರೆದು ಕೊಡುತ್ತಾಳೆ. ಮೆಷಿನ್ ಹತ್ತಿರ ಬಂದಾಗಲೆಲ್ಲ ಭುಜ ಮುಟ್ಟುತ್ತಾನೆ, ರಾತ್ರಿ ಮೆಸೇಜ್ ಹಾಕುತ್ತಾನೆ, ಬೇಡ ಅಂದಿದ್ದಕ್ಕೆ ಬೇರೆ ಲೈನಿಗೆ ಹಾಕಿಸಿದ.

ಇದನ್ನು ಒಂದೇ ದೂರು ಅಂತ ಓದಬೇಡಿ. ಇಲ್ಲಿ ಮೂರು ಆರೋಪ ಇದೆ. ಮೂರಕ್ಕೂ ಬೇರೆ ಬೇರೆ ಹಾಳೆ ತೆಗೆಯಿರಿ. ಒಂದೊಂದಕ್ಕೂ ಯಾವ ಸಾಕ್ಷ್ಯ ಸಿಗಬಹುದು, ಅದು ಯಾರ ಹತ್ತಿರ ಇದೆ ಅಂತ ಅವತ್ತೇ ಬರೆದಿಡಿ. ಸಿಸಿಟಿವಿ ದೃಶ್ಯ ಕೆಲವೇ ದಿನಕ್ಕೆ ತಾನಾಗಿ ಅಳಿಸಿ ಹೋಗುತ್ತದೆ. ಅದನ್ನು ಉಳಿಸಿಡಿ ಅಂತ ಆಡಳಿತಕ್ಕೆ ಬರೆಯುವುದೇ ನಿಮ್ಮ ಮೊದಲ ಕೆಲಸ. ಆಮೇಲೆ ದೂರಿನ ಪ್ರತಿ 7 ಕೆಲಸದ ದಿನದೊಳಗೆ ಸೂಪರ್‌ವೈಸರ್‌ಗೆ ತಲುಪಬೇಕು, ಅವನು 10 ಕೆಲಸದ ದಿನದೊಳಗೆ ಉತ್ತರ ಕೊಡಬೇಕು. ಅವಳು ಲಿಖಿತವಾಗಿ ಕೇಳಿಕೊಂಡರೆ, ವಿಚಾರಣೆ ಮುಗಿಯುವ ತನಕ ಅವಳ ಕೆಲಸದ ಬಗ್ಗೆ ಅವನು ವರದಿ ಬರೆಯದಂತೆ ಮಾಡಿ ಅಂತ ಆಡಳಿತಕ್ಕೆ ಶಿಫಾರಸು ಮಾಡಬಹುದು.

ಈಗ ಗುಟ್ಟಿನ ವಿಷಯ. ಕಾಯ್ದೆಯ 16ನೇ ಕಲಂ ದೂರು ಕೊಟ್ಟವಳ ಹೆಸರನ್ನಷ್ಟೇ ಕಾಪಾಡುವುದಿಲ್ಲ, ಆರೋಪಿ ಮತ್ತು ಸಾಕ್ಷಿಗಳ ಹೆಸರನ್ನೂ ಕಾಪಾಡುತ್ತದೆ. ಆದರೆ ಗುಟ್ಟು ಒಡೆಯುವುದು ಕಾಗದದಿಂದ ಅಲ್ಲ, ಮೈಕಿನಿಂದ. 'ಇಂಥ ಲೈನಿನ ಇಂಥವರು ಎಚ್‌ಆರ್ ಆಫೀಸಿಗೆ ಬನ್ನಿ' ಅಂತ ಕೂಗಿದರೆ ಊಟದ ಹೊತ್ತಿಗೆ ಇಡೀ ಫ್ಲೋರಿಗೆ ಗೊತ್ತು. ಪಕ್ಕದ ಮೆಷಿನ್‌ನವರನ್ನು ಬೇರೆ ಬೇರೆ ಹೊತ್ತಿಗೆ, ಎಲ್ಲರ ಕಣ್ಣಿಗೆ ಬೀಳದ ಕೋಣೆಗೆ ಕರೆಸಿ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳಬೇಡಿ. 'ಅವನು ಮುಟ್ಟಿದ್ದನ್ನು ನೋಡಿದ್ದೀರಾ?' ಅಂತ ಕೇಳಲೂ ಬೇಡಿ, ಉತ್ತರ ನೀವೇ ಕೊಟ್ಟ ಹಾಗಾಯಿತು. 'ಸೂಪರ್‌ವೈಸರ್ ಮೆಷಿನ್ ಹತ್ತಿರ ಬಂದರೆ ಸಾಮಾನ್ಯವಾಗಿ ಏನಾಗುತ್ತೆ?' ಅಂತ ಕೇಳಿ, ಸುಮ್ನೆ ಕಾಯಿರಿ. ಹೇಳಿದ್ದನ್ನು ಅವರ ಮಾತಲ್ಲೇ ಬರೆದು, ಓದಿ ಹೇಳಿ ಸಹಿ ಹಾಕಿಸಿ.

ಹಾಗಂತ ಆರೋಪಿಯಿಂದ ಎಲ್ಲ ಮುಚ್ಚಿಡಲು ಬರುವುದಿಲ್ಲ. ತನ್ನ ವಿರುದ್ಧ ಏನು ಸಾಕ್ಷ್ಯ ಇದೆ ಅಂತ ಅವನಿಗೆ ಗೊತ್ತಾಗಬೇಕು, ಅವನ ಪ್ರಶ್ನೆ ಸಾಕ್ಷಿಗೆ ಮುಟ್ಟಬೇಕು. ಎದುರಾಬದುರು ಕೂರಿಸುವ ಬದಲು ಪ್ರಶ್ನೆಗಳನ್ನು ಬರೆಸಿಕೊಂಡು ಸಮಿತಿಯೇ ಕೇಳಬಹುದು. 90 ದಿನದೊಳಗೆ ಮುಗಿಸಬೇಕು ನಿಜ, ಆದರೆ ಓಡಬಾರದು. ಗೋವಾ ವಿಶ್ವವಿದ್ಯಾಲಯದ ಒಂದು ಪ್ರಕರಣದಲ್ಲಿ ಸಮಿತಿ ಅವಸರ ಮಾಡಿ, ಆರೋಪಿಗೆ ತನ್ನ ಪರ ಹೇಳಿಕೊಳ್ಳಲು ಸರಿಯಾದ ಅವಕಾಶ ಕೊಡಲಿಲ್ಲ ಅನ್ನುವ ಕಾರಣಕ್ಕೇ 2023ರಲ್ಲಿ ಸುಪ್ರೀಂ ಕೋರ್ಟ್ ಕ್ರಮವನ್ನು ರದ್ದು ಮಾಡಿತು. ಅವಸರದಿಂದ ದೂರು ಕೊಟ್ಟವಳಿಗೇ ನಷ್ಟ, ಅಲ್ವಾ?

ನಮ್ಮ ಪ್ರಕರಣದಲ್ಲಿ ಏನು ಸಿಕ್ಕಿತು ಅಂದುಕೊಳ್ಳೋಣ? ಕ್ಯಾಮೆರಾಗೆ ಓಡಾಡುವ ದಾರಿ ಕಾಣುತ್ತದೆ, ಮೆಷಿನ್ ಕಾಣುವುದಿಲ್ಲ. ಆದರೆ ಅವನು ಭುಜ ಹಿಡಿಯುವುದನ್ನು, ಅವಳು ಕೈ ಕೊಡವುವುದನ್ನು ಇಬ್ಬರು ಟೈಲರ್‌ಗಳು ಬೇರೆ ಬೇರೆ ದಿನ ಕಂಡಿದ್ದಾರೆ. ಮೆಸೇಜ್‌ಗಳ ಸ್ಕ್ರೀನ್‌ಶಾಟ್ ನೋಡಿ ಸುಮ್ಮನಾಗಲಿಲ್ಲ, ಫೋನನ್ನೇ ತೆರೆಸಿ ಮುಂದಿನ ಹಿಂದಿನ ಮಾತನ್ನೂ ಓದಿದಿರಿ. 'ಊಟ ಆಯ್ತಾ' ಅನ್ನುವುದರಲ್ಲಿ ತಪ್ಪೇನಿಲ್ಲ. ಆದರೆ ರಾತ್ರಿ ಹನ್ನೊಂದಕ್ಕೆ, 'ಮೆಸೇಜ್ ಮಾಡಬೇಡಿ ಸರ್' ಅಂತ ಅವಳು ಬರೆದ ಮೇಲೂ, 'ಒಂದು ಫೋಟೋ ಕಳಿಸು' ಅಂತ ಬಂದಿದೆ. ಮೂರನೆಯದಕ್ಕೆ ಪ್ರೊಡಕ್ಷನ್ ರಿಜಿಸ್ಟರ್ ತರಿಸಿದಿರಿ. ಲೈನ್ ಬದಲಾವಣೆಯ ಪಟ್ಟಿ ಅವಳು ಬೇಡ ಅನ್ನುವ ಮೊದಲೇ ತಯಾರಾಗಿತ್ತು. ಅದರಲ್ಲಿ ಇನ್ನೂ ಹಲವರ ಹೆಸರಿದೆ, ಸಹಿ ಮ್ಯಾನೇಜರ್‌ದು.

ವರದಿಯಲ್ಲೂ ಇದೇ ಮೂರು ಭಾಗ ಇರಲಿ. ಪ್ರತಿ ಆರೋಪಕ್ಕೂ ಅವಳ ಮಾತು, ಅವನ ಉತ್ತರ, ಸಿಕ್ಕ ಸಾಕ್ಷ್ಯ, ಯಾವುದನ್ನು ಯಾಕೆ ನಂಬಿದಿರಿ ಅನ್ನುವುದು ಬರಬೇಕು. ಹೆಚ್ಚಿನ ವರದಿಗಳು ಸೋಲುವುದೇ ಈ 'ಯಾಕೆ'ಯಲ್ಲಿ. 'ಸಮಿತಿಗೆ ನಂಬಿಕೆ ಬಂದಿದೆ' ಅಂತ ಬರೆದರೆ ಏನೂ ಬರೆದ ಹಾಗಲ್ಲ. 'ಇಬ್ಬರು ಸಾಕ್ಷಿಗಳೂ ಅವನ ಕೈಕೆಳಗೇ ಇರುವವರು, ಅವನ ವಿರುದ್ಧ ಸುಳ್ಳು ಹೇಳಿದರೆ ಅವರಿಗೆ ಲಾಭವಿಲ್ಲ' ಅಂತ ಬರೆಯಿರಿ. ಕ್ರಿಮಿನಲ್ ಕೇಸಿನಂತೆ ಸಂಶಯಕ್ಕೆ ಎಡೆಯೇ ಇಲ್ಲದ ಹಾಗೆ ಸಾಬೀತಾಗಬೇಕಿಲ್ಲ. ನಡೆದಿರುವ ಸಾಧ್ಯತೆಯೇ ಜಾಸ್ತಿ ಅಂತ ಸಾಕ್ಷ್ಯ ತೋರಿಸಿದರೆ ಸಾಕು.

ಮೊದಲ ಎರಡು ಸಾಬೀತು. ಮೂರನೆಯದು 'ಸಾಬೀತಾಗಿಲ್ಲ' ಅಂತ ಬರೆಯಿರಿ, 'ಸುಳ್ಳು' ಅಂತ ಬರೆಯಬೇಡಿ. ಸಾಬೀತು ಮಾಡಲಾಗಲಿಲ್ಲ ಅನ್ನುವ ಒಂದೇ ಕಾರಣಕ್ಕೆ ದೂರು ಕೊಟ್ಟವಳ ಮೇಲೆ ಕ್ರಮ ತೆಗೆದುಕೊಳ್ಳುವಂತಿಲ್ಲ ಅಂತ ಕಾಯ್ದೆಯೇ ಹೇಳುತ್ತದೆ.

ಬರೆದ ನಿರ್ಣಯವನ್ನು ಇಬ್ಬರಿಗೂ ಕೊಟ್ಟು, ಆಕ್ಷೇಪ ಇದ್ದರೆ ಕೇಳಿ, ಅದಕ್ಕೂ ಉತ್ತರ ಸೇರಿಸಿ. ವಿಚಾರಣೆ ಮುಗಿದ 10 ದಿನದೊಳಗೆ ವರದಿ ಮಾಲೀಕರಿಗೆ ಹೋಗಬೇಕು. ಅವರು 60 ದಿನದೊಳಗೆ ಕ್ರಮ ತೆಗೆದುಕೊಳ್ಳಬೇಕು. ವರದಿಯನ್ನು ಮುಚ್ಚಿದ ಲಕೋಟೆಯಲ್ಲಿ ಕೈಗೇ ಕೊಡಿ, ಮೇಲ್ ಮಾಡಿ ಹತ್ತು ಜನಕ್ಕೆ ಕಾಪಿ ಹಾಕಬೇಡಿ. ಕ್ರಮ ಆಯಿತಾ ಅಂತ 60 ದಿನ ಮುಗಿದ ಮೇಲೆ ಬರವಣಿಗೆಯಲ್ಲೇ ಕೇಳಿ. ಈಗ ನಿಮ್ಮ ಪ್ರಶ್ನೆಗಳಿಗೆ ಬರೋಣ.