ಮೀನಿನ ತೊಟ್ಟಿಯ ಹಿಂದಿನ ಬೋರ್ಡು

ಕೇಳುಗರೇ, ನಮಸ್ಕಾರ. ಮನೆಯಲ್ಲಿ ಅಕ್ವೇರಿಯಂ ಇದ್ದರೆ ಒಂದ್ಸಲ ಅದರ ಹಿಂದೆ ಬಗ್ಗಿ ನೋಡಿ. ಲೈಟು, ಹೀಟರ್, ಫಿಲ್ಟರ್, ಈ ಮೂರರ ವೈರೂ ತೊಟ್ಟಿಯಿಂದ ಇಳಿದು ನೇರವಾಗಿ ಸಾಕೆಟ್‌ಗೆ ಹೋಗಿವೆಯಾ?

ನಮ್ಮಲ್ಲೂ ಹಾಗೇ ಇತ್ತು. ಒಂದು ದಿನ ಫಿಲ್ಟರ್ ಸ್ಪಂಜು ತೊಳೆದು ವಾಪಸ್ ಇಟ್ಟೆ. ಸ್ವಲ್ಪ ಹೊತ್ತಿಗೆ ನೋಡಿದರೆ ಒಂದು ಹನಿ ವೈರಿಗೆ ಅಂಟಿಕೊಂಡೇ ಮೆಲ್ಲಗೆ ಜಾರುತ್ತಾ ಪ್ಲಗ್ಗಿಗೆ ನಾಲ್ಕು ಬೆರಳು ದೂರದವರೆಗೆ ಬಂದಿತ್ತು. ಎದೆ ಧಸಕ್ಕೆಂದಿತು.

ಇದಕ್ಕೆ ಡ್ರಿಪ್ ಲೂಪ್ ಬೇಕು. ವೈರು ಮೊದಲು ಸಾಕೆಟ್‌ಗಿಂತ ಅರ್ಧ ಗೇಣಾದರೂ ಕೆಳಗೆ ಜೋತು, ಆಮೇಲೆ ಮೇಲಕ್ಕೆ ಹತ್ತಿ ಪ್ಲಗ್ ಸೇರಬೇಕು. ಹನಿ ಆ ಬಾಗಿನ ತಳಕ್ಕೆ ಬಂದು ನೆಲಕ್ಕೆ ಬೀಳುತ್ತದೆ. ಅದಕ್ಕೇ ಎಕ್ಸ್‌ಟೆನ್ಷನ್ ಬಾಕ್ಸನ್ನು ನೆಲದ ಮೇಲೆ ಇಡಬಾರದು, ಅಲ್ಲಿ ವೈರು ಕೆಳಗಿಳಿಯಲು ಜಾಗವೇ ಇಲ್ಲ ಅಲ್ವಾ? ಬೋರ್ಡು ಗೋಡೆ ಮೇಲಿರಲಿ, ತೊಟ್ಟಿಯ ಕೆಳಗಲ್ಲ, ಪಕ್ಕಕ್ಕೆ. ಬಾಗನ್ನು ಕ್ಲಿಪ್ ಹೊಡೆದು ಹಿಡಿಸಿ, ಇಲ್ಲದಿದ್ದರೆ ಯಾರೋ ಗುಡಿಸುವಾಗ ಎಳೆದು ನೆಟ್ಟಗಾಗಿಬಿಡುತ್ತದೆ.

ಇನ್ನು ಬೋರ್ಡು. ಲೈಟು 20 ವ್ಯಾಟ್, ಹೀಟರ್ 100, ಫಿಲ್ಟರ್ 10 ಅಂದುಕೊಳ್ಳಿ. 230 ವೋಲ್ಟ್‌ನಲ್ಲಿ ಒಟ್ಟು ಅರ್ಧ ಆಂಪಿಯರ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಲೋಡ್ ಇಲ್ಲಿ ಸಮಸ್ಯೆಯಲ್ಲ, ಸೋರಿಕೆ ಸಮಸ್ಯೆ. ಹೀಟರ್ ಗಾಜು ಸೀಳಿ ನೀರಿಗೆ ಕರೆಂಟ್ ಇಳಿದರೂ, ಗಾಜಿನ ತೊಟ್ಟಿಯಿಂದ ಅದಕ್ಕೆ ಹೊರದಾರಿ ಇಲ್ಲದಿದ್ದರೆ, ಲೋಡ್ ಮಿತಿ ಮೀರಿದಾಗ ಕರೆಂಟ್ ಕಡಿಯುವ ಎಂಸಿಬಿಗೆ ಏನೂ ಗೊತ್ತಾಗುವುದಿಲ್ಲ, ಮೀನುಗಳೂ ಸುಮ್ನೆ ಓಡಾಡಿಕೊಂಡಿರಬಹುದು, ನೀವು ಕೈ ಇಟ್ಟಾಗ ನಿಮ್ಮ ಮೈಯೇ ದಾರಿಯಾಗುತ್ತದೆ. ಹೋದ ಕರೆಂಟಿಗೂ ಮರಳಿದ ಕರೆಂಟಿಗೂ ವ್ಯತ್ಯಾಸ ನೋಡಿ ಕಡಿಯುವುದು ಆರ್‌ಸಿಸಿಬಿ. 30 ಮಿಲಿಆಂಪಿಯರ್‌ನದು ಹಾಕಿಸಿ, ಜೊತೆಗೆ ಎಂಸಿಬಿ, ಸರಿಯಾದ ಅರ್ಥಿಂಗ್. ಈ ಕೆಲಸ ಎಲೆಕ್ಟ್ರಿಷಿಯನ್ ಮಾಡಲಿ. ಆರ್‌ಸಿಸಿಬಿ ಇದ್ದರೂ ಒಂದು ಕ್ಷಣ ಶಾಕ್ ಹೊಡೆದೇ ಹೊಡೆಯುತ್ತದೆ, ಹಾಗಾಗಿ ತೊಟ್ಟಿಗೆ ಕೈ ಹಾಕುವ ಮೊದಲು ಪೂರ್ತಿ ಬೋರ್ಡು ಆಫ್ ಮಾಡಿ.

ಮೂರಕ್ಕೂ ಬೇರೆ ಬೇರೆ ಸ್ವಿಚ್ ಇರಲಿ. ನೀರು ಬದಲಿಸುವಾಗ ಹೀಟರನ್ನು ಕಾಲು ಗಂಟೆ ಮೊದಲೇ ಆಫ್ ಮಾಡಬೇಕು, ಬಿಸಿ ಇರುವಾಗಲೇ ನೀರಿನಿಂದ ಹೊರಬಂದು ಆಮೇಲೆ ತಣ್ಣೀರು ತಾಗಿದರೆ ಗಾಜು ಸೀಳುತ್ತದೆ. ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ, ಅದು ಟ್ರಿಪ್ ಆಗಲೇಬೇಕು.

ತಾನಾಗಿಯೇ ಟ್ರಿಪ್ ಆದರೆ? ಮೂರೂ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಅದು ಸಾಮಾನ್ಯವಾಗಿ ಒಂದು ವೈರನ್ನಷ್ಟೇ ಕಡಿಯುತ್ತದೆ, ಸೋರಿಕೆ ನ್ಯೂಟ್ರಲ್‌ನಲ್ಲೂ ಇರಬಹುದು. ಆರ್‌ಸಿಸಿಬಿ ಮೇಲೆತ್ತಿ, ಮೊದಲು ಫಿಲ್ಟರ್, ಆಮೇಲೆ ಲೈಟು, ಕೊನೆಗೆ ಹೀಟರ್, ಒಂದೊಂದಾಗಿ ಹಾಕಿ. ಹೀಟರ್ ಹಾಕುತ್ತಿದ್ದಂತೆ ಮತ್ತೆ ಟ್ರಿಪ್ ಆದರೆ ಅದರ ಪ್ಲಗ್ ಕಿತ್ತು, ಬೋರ್ಡು ಆಫ್ ಮಾಡಿ, ಹೀಟರನ್ನು ಹೊರತೆಗೆದು ಬೆಳಕಿಗೆ ಹಿಡಿದು ನೋಡಿ. ಗಾಜಿನ ಒಳಗೆ ಸಣ್ಣ ಹನಿಗಳು ಕಂಡರೆ ಒಣಗಿಸಿ ಮತ್ತೆ ಹಾಕಬೇಡಿ, ಬಿಸಾಡಿ.