ವ್ಯಾಟ್ ನೋಡಿ ಹೆದರಬೇಡಿ, ಗಡಿಯಾರ ನೋಡಿ

ಕೇಳುಗರಿಗೆ ನಮಸ್ಕಾರ.

ಹೋದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಅತ್ತೆ ಮನೆಗೆ ಒಂದು ಕೆಟಲ್ ತಗೊಂಡು ಹೋಗಿದ್ದೆ. ಅತ್ತೆ ಅದನ್ನು ತಿರುಗಿಸಿ ತಳ ನೋಡಿದರು. "1500 ವ್ಯಾಟ್ ಅಂತ ಬರೆದಿದೆಯಲ್ಲ ಮಾರಾಯ್ತಿ, ಮೀಟರ್ ಓಡಿಬಿಡತ್ತೆ" ಅಂದರು. ಮನೆಯ ಇಸ್ತ್ರಿ ಪೆಟ್ಟಿಗೆ 1000 ವ್ಯಾಟ್, ಅದರ ಬಗ್ಗೆ ಮಾತ್ರ ಅವರಿಗೆ ಭಯವೇ ಇಲ್ಲ. ಲೆಕ್ಕ ಹಾಕಿ ನೋಡಿದರೆ ವಿಷಯ ಉಲ್ಟಾ.

ವ್ಯಾಟ್ ಅನ್ನೋದು ಕರೆಂಟ್ ಎಷ್ಟು ಬೇಗ ಖರ್ಚಾಗುತ್ತೆ ಅಂತ ಹೇಳುತ್ತೆ, ಒಟ್ಟು ಎಷ್ಟು ಖರ್ಚಾಯ್ತು ಅಂತ ಹೇಳಲ್ಲ. 1000 ವ್ಯಾಟ್ ಪೂರ್ತಿ ಒಂದು ಗಂಟೆ ಉರಿದರೆ ಒಂದು ಯೂನಿಟ್. ಯೂನಿಟ್‌ಗೆ 6 ರೂಪಾಯಿ ಅಂತ ಇಟ್ಟುಕೊಳ್ಳೋಣ, ಬಾಯಿಲೆಕ್ಕಕ್ಕೆ ಸುಲಭ.

ಈಗ ಕೆಟಲ್. ಮಳೆಗಾಲದಲ್ಲಿ ನಮ್ಮ ಬಾವಿ ನೀರು ಸುಮಾರು 22 ಡಿಗ್ರಿ ಇರುತ್ತೆ ಅಂದುಕೊಳ್ಳಿ. ಒಂದು ಲೀಟರ್ ಕುದಿಯೋಕೆ ನಾಲ್ಕೂಕಾಲು ನಿಮಿಷ ಸಾಕು. ಅಷ್ಟಕ್ಕೆ ಖರ್ಚಾಗೋದು ಯೂನಿಟ್‌ನ ಹತ್ತನೇ ಒಂದು ಭಾಗ, ಅಂದ್ರೆ ಅರವತ್ತು ಪೈಸೆ ಆಸುಪಾಸು. ಗಾಳಿಮಳೆಗೆ ವೋಲ್ಟೇಜ್ 200ಕ್ಕೆ ಇಳಿದಾಗ ಅದೇ ಕೆಟಲ್ ಸುಮಾರು 1100 ವ್ಯಾಟಿನ ಹಾಗೆ ನಿಧಾನ ಆಗಿ ಐದೂವರೆ ನಿಮಿಷ ತಗೊಳ್ಳುತ್ತೆ. ತಡ ಆಯ್ತು ಅಂತ ಬಿಲ್ ಏರಲ್ಲ, ನೀರಿಗೆ ಬೇಕಾದ ಶಾಖ ಅಷ್ಟೇ ಅಲ್ವಾ? ಕೆಟಲ್ ದುಡ್ಡು ತಿನ್ನೋದು ಮುಚ್ಚಳ ಸರಿ ಕೂರದಿದ್ದಾಗ. ಹಬೆ ಒಳಗಿನ ಸ್ವಿಚ್‌ಗೆ ತಾಗಿದರೆ ತಾನೇ ಅದು ಆಫ್ ಆಗೋದು. ನೀರು ಕೊತಕೊತ ಕುದಿದು ಅರ್ಧ ನಿಮಿಷ ಆದರೂ ಟಕ್ ಅನ್ನದಿದ್ದರೆ ಮುಚ್ಚಳ ಒತ್ತಿ ನೋಡಿ. ಸುಮ್ನೆ ಕುದಿಯೋ ಪ್ರತಿ ನಿಮಿಷಕ್ಕೂ 15 ಪೈಸೆ.

ಒಂದೇ ಲೋಟ ಬಿಸಿನೀರು ಬೇಕು ಅಂದಾಗ ಮಾತ್ರ ಮೈಕ್ರೋವೇವ್ ಮೇಲು. ಕೆಟಲ್‌ನಲ್ಲಿ ಕನಿಷ್ಠ ಗೆರೆವರೆಗೆ ನೀರು ಹಾಕಲೇಬೇಕು, ಎಷ್ಟೋ ಕೆಟಲ್‌ಗಳಲ್ಲಿ ಅದು ಅರ್ಧ ಲೀಟರ್. ಮೈಕ್ರೋವೇವ್‌ನಲ್ಲಿ ಒಂದು ಲೋಟ ಒಂದೂವರೆ ನಿಮಿಷಕ್ಕೆ ಬಿಸಿ ಆಗುತ್ತೆ, ಇಪ್ಪತ್ತು ಪೈಸೆಯೂ ಆಗಲ್ಲ. ಆದ್ರೆ ಒಂದು ಲೀಟರ್ ಇಟ್ಟರೆ ಎಂಟು ನಿಮಿಷ, ಹತ್ತಿರ ಹತ್ತಿರ ಒಂದು ರೂಪಾಯಿ. ಡಬ್ಬಿ ಮೇಲೆ 800 ವ್ಯಾಟ್ ಅಂತ ಇದ್ದರೂ ಅದು ಅಡುಗೆಗೆ ಸಿಗೋ ಶಾಖ, ಗೋಡೆಯಿಂದ ಎಳೆಯೋದು 1200ರ ಸುತ್ತಮುತ್ತ. ಹಿಂಬದಿಯ ಚೀಟಿಯಲ್ಲಿ ಎರಡೂ ಅಂಕಿ ಇರುತ್ತವೆ, ಲೆಕ್ಕಕ್ಕೆ ದೊಡ್ಡದನ್ನೇ ಹಿಡಿಯಿರಿ. ಹಲಸಿನ ಹಪ್ಪಳ ಎಣ್ಣೆ ಇಲ್ಲದೆ ಮುಕ್ಕಾಲು ನಿಮಿಷದಲ್ಲಿ ಅರಳುತ್ತೆ, ಹತ್ತು ಪೈಸೆ ಒಳಗೆ. ನನಗೆ ಮೈಕ್ರೋವೇವ್‌ನ ಅತಿ ಇಷ್ಟದ ಕೆಲಸ ಅದು.

ಏರ್ ಫ್ರೈಯರ್ 1400 ವ್ಯಾಟ್. ಪತ್ರೊಡೆ ಹೋಳು ಗರಿಗರಿ ಆಗೋಕೆ ಹದಿನೈದು ನಿಮಿಷ ಬೇಕು. ಬಿಸಿ ಏರಿದ ಮೇಲೆ ಅದು ಆಗಾಗ ಹೀಟರ್ ನಿಲ್ಲಿಸೋದರಿಂದ ಕಾಲು ಯೂನಿಟ್ ಆಸುಪಾಸು, ಒಂದೂವರೆ ರೂಪಾಯಿ. ನಾಲ್ಕು ಹೋಳಿಗೂ ಬುಟ್ಟಿ ತುಂಬಿದ್ದಕ್ಕೂ ಖರ್ಚು ಹೆಚ್ಚುಕಮ್ಮಿ ಅಷ್ಟೇ, ಹಾಗಾಗಿ ಒಬ್ಬರಿಗಾಗಿ ಹಚ್ಚಬೇಡಿ.

ಇನ್ನು ಅತ್ತೆಯ ಇಸ್ತ್ರಿ ಪೆಟ್ಟಿಗೆ. ಒಣಬಟ್ಟೆಗೆ ಅದೂ ಸಾಧುವೇ. ಅದರ ಕೆಂಪು ದೀಪ ಹತ್ತಿ ಆರಿ ಮಾಡುತ್ತೆ, ಅರ್ಧ ಗಂಟೆಯಲ್ಲಿ ನಿಜವಾಗಿ ಉರಿಯೋದು ಸುಮಾರು ಅರ್ಧ ಹೊತ್ತು. ಒಂದೂವರೆ ರೂಪಾಯಿ ಆಗುತ್ತೆ. ಆದ್ರೆ ಆಷಾಢದಲ್ಲಿ ನಮ್ಮಲ್ಲಿ ಬಟ್ಟೆ ಒಣಗುತ್ತಾ? ಎರಡು ದಿನ ಆದರೂ ಹಸಿ ಹಸಿ. ಬೆಳಿಗ್ಗೆ ಮಕ್ಕಳ ಯೂನಿಫಾರ್ಮನ್ನು ಇಸ್ತ್ರಿಯಲ್ಲೇ ಒಣಗಿಸೋದು. ಒದ್ದೆ ಅಂಗಿಗೆ ತಲಾ ನೂರು ಮಿಲಿ ನೀರು ಉಳಿದಿದೆ ಅನ್ನಿ. ಐದು ಬಟ್ಟೆ ಅಂದ್ರೆ ಅರ್ಧ ಲೀಟರ್. ಆ ನೀರನ್ನು ಕುದಿಯೋ ಮಟ್ಟಕ್ಕೆ ತರೋದು ದೊಡ್ಡ ಕೆಲಸ ಅಲ್ಲ, ಕುದಿದ ಮೇಲೆ ಪೂರ್ತಿ ಆವಿ ಮಾಡೋಕೆ ಅದರ ಏಳರಷ್ಟು ಶಾಖ ಬೇಕು. ಆ ನೀರಿಗೇ ಯೂನಿಟ್‌ನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೋಗುತ್ತೆ, ಎರಡು ರೂಪಾಯಿ ಮೇಲೆ. ಅತ್ತೆ ಹೆದರಿದ ಕೆಟಲ್‌ನಲ್ಲಿ ಆ ದುಡ್ಡಿಗೆ ಮೂರು ಲೀಟರ್ ನೀರು ಕುದಿಯುತ್ತಿತ್ತು! ದೀಪ ಆರದೇ ಹತ್ತಿಕೊಂಡೇ ಇದ್ದು, ಬಟ್ಟೆಯಿಂದ ಹೊಗೆ ಹಾಗೆ ಹಬೆ ಏಳ್ತಾ ಇದ್ದರೆ ನೀವು ಇಸ್ತ್ರಿ ಮಾಡ್ತಾ ಇಲ್ಲ, ನೀರು ಕಾಯಿಸ್ತಾ ಇದ್ದೀರಿ ಅಂತ ತಿಳ್ಕೊಳ್ಳಿ. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ಗಡಿಯ ಹತ್ತಿರ ಇರೋರಿಗೆ ಈ ಮೂರನೇ ಒಂದು ಯೂನಿಟ್ ದಿನಾ ಸೇರಿದರೆ ಸಣ್ಣದಲ್ಲ.

ಈಗ ಅತ್ತೆ ಬಚ್ಚಲುಮನೆಯ ಹಂಡೆ ಒಲೆ ಮೇಲೆ ಹಗ್ಗ ಕಟ್ಟಿದ್ದಾರೆ. ಸಂಜೆ ನೀರು ಕಾಯಿಸಿದ ಕೆಂಡದ ಬಿಸಿಗೆ ಅಂಗಿಗಳು ರಾತ್ರಿಯಿಡೀ ಒಣಗ್ತವೆ, ಬೆಳಿಗ್ಗೆ ಇಸ್ತ್ರಿ ಪೆಟ್ಟಿಗೆಗೆ ಉಳಿಯೋದು ಸುಕ್ಕು ಮಾತ್ರ.