ಅಜ್ಜಿಯ ಹಿಂದಿನ ನೀಲಿ ಡ್ರಮ್

ಕೇಳುಗರೇ, ನಮಸ್ಕಾರ. ಇವತ್ತು ಒಂದೇ ಒಂದು ಫೋಟೋ ಬಗ್ಗೆ, ಅದರ ಹಿನ್ನೆಲೆಯನ್ನು ಫೋನಲ್ಲೇ ಹೇಗೆ ಚೊಕ್ಕ ಮಾಡಿದೆ ಅನ್ನೋದರ ಬಗ್ಗೆ ಮಾತಾಡುತ್ತೇನೆ. ಫೋನ್ ಕೈಗೆ ಸಿಗೋ ಹಾಗಿದ್ದರೆ ತೆಗೆದುಕೊಂಡು ಕೂತ್ಕೊಳ್ಳಿ, ಫೋಟೋ ತಿದ್ದುವ ಸ್ನ್ಯಾಪ್‌ಸೀಡ್ ಆ್ಯಪ್ ಇದ್ದರೆ ತೆರೆದಿಟ್ಟುಕೊಳ್ಳಿ. ಇಲ್ಲದಿದ್ದರೂ ಪರವಾಗಿಲ್ಲ, ಆಮೇಲೆ ಹಾಕಿಕೊಳ್ಳಬಹುದು, ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಗುಬ್ಬಿ ಹತ್ತಿರದ ನಮ್ಮ ಹಳ್ಳಿಮನೆಯಲ್ಲಿ ಅಜ್ಜಿ ಜಗಲಿ ಮೇಲೆ ಕೂತಿದ್ದರು. ಸಂಜೆ ಬಿಸಿಲು ಪಕ್ಕದಿಂದ ಮುಖಕ್ಕೆ ಬೀಳುತ್ತಿತ್ತು. ಏನೋ ನೆನಪಿಸಿಕೊಂಡು ನಗುತ್ತಿದ್ದರು, ನಾನು ಫೋನಲ್ಲಿ ಒಂದು ಫೋಟೋ ತೆಗೆದೆ. ಆ ನಗು ಮತ್ತೆ ಸಿಗಲ್ಲ. ಆದರೆ ಹಿಂದೆ ನೋಡಿದರೆ, ಸುಣ್ಣದ ಗೋಡೆ ಮೇಲೆ ಮೂರು ಮೊಳೆ, ಮೀಟರ್ ಬೋರ್ಡಿಂದ ಹೊರಟು ಅಜ್ಜಿಯ ತಲೆ ಹಿಂದೆ ಹಾದು ಹೋಗಿರುವ ಕರಿ ವೈರು, ಎಡಗಡೆ ಅಂಚಲ್ಲಿ ಒಣಗಲು ಹಾಕಿದ್ದ ಕೆಂಪು ಟವಲ್ಲು, ಜಗಲಿ ಅಂಚಲ್ಲಿ ಯಾರೋ ಬಿಟ್ಟ ಚಪ್ಪಲಿ. ಎಲ್ಲಕ್ಕಿಂತ ಜಾಸ್ತಿ ಕಣ್ಣಿಗೆ ಹೊಡೆಯುತ್ತಿದ್ದದ್ದು ಅಜ್ಜಿಯ ಮೊಣಕೈಗೆ ತಾಗಿಕೊಂಡೇ ನಿಂತಿದ್ದ ನೀಲಿ ಪ್ಲಾಸ್ಟಿಕ್ ಡ್ರಮ್ಮು. ಬಲಗಡೆ ತೆಂಗಿನಕಾಯಿ ರಾಶಿಯೂ ಇತ್ತು. ಅದನ್ನು ಮಾತ್ರ ಮುಟ್ಟಬಾರದು ಅಂತ ಮೊದಲೇ ತೀರ್ಮಾನ ಮಾಡಿದೆ. ಅದು ಅಜ್ಜಿಯ ಬದುಕು, ಕಸ ಅಲ್ಲ.

ಮೊದಲ ಸಲ ನಾನು ಮಾಡಿದ್ದು ತಪ್ಪು. ಬೇಡದ್ದನ್ನು ಅಳಿಸುವ ಹೀಲಿಂಗ್ ಅನ್ನುವ ಟೂಲ್ ತೆಗೆದುಕೊಂಡು ನೇರ ಡ್ರಮ್ ಮೇಲೆ ಬೆರಳು ಉಜ್ಜಿದೆ. ಡ್ರಮ್ಮೇನೋ ಹೋಯಿತು, ಜೊತೆಗೆ ಮೊಣಕೈಯೂ ಕರಗಿತು, ಸೆರಗಿನ ಅಂಚಿನ ಒಂದು ತುಂಡು ಗೋಡೆ ಮೇಲೆ ಹೋಗಿ ಅಂಟಿಕೊಂಡಿತು. ಯಾಕೆ ಹೀಗಾಗುತ್ತೆ ಅಂತ ಗೊತ್ತಾದರೆ ಅರ್ಧ ಕೆಲಸ ಸುಲಭ. ನೀವು ಬೆರಳಾಡಿಸಿದ ಜಾಗವನ್ನು ಹೀಲಿಂಗ್ ತೆಗೆದುಹಾಕಿ, ಅದೇ ಫೋಟೋದ ಬೇರೆ ಭಾಗದಿಂದ ಹೊಂದುವಂಥ ತುಂಡು ತಂದು ಅಲ್ಲಿಗೆ ತೇಪೆ ಹಾಕುತ್ತದೆ. ತೇಪೆ ಎಲ್ಲಿಂದ ತರಬೇಕು ಅಂತ ಹೇಳಲು ನಮಗೆ ದಾರಿ ಇಲ್ಲ. ಸುತ್ತಲೂ ಬರೀ ಗೋಡೆ ಇದ್ದರೆ ಗೋಡೆಯನ್ನೇ ತರುತ್ತದೆ. ಪಕ್ಕದಲ್ಲಿ ಕೈ, ಸೀರೆ, ಕೂದಲು ಇದ್ದರೆ ಅದನ್ನೂ ತರಬಹುದು. ಹಾಗಾಗಿ ಒಂಟಿಯಾಗಿರುವ ವಸ್ತುವನ್ನು ಅಳಿಸಬಹುದು, ಮನುಷ್ಯರಿಗೆ ತಾಗಿರುವ ದೊಡ್ಡ ವಸ್ತುವನ್ನು ಅಳಿಸೋದು ಬೇಡ, ಬಣ್ಣ ಇಳಿಸಿ ಸುಮ್ಮನಾಗಿಸಬೇಕು.

ಎರಡನೇ ಸಲ ಕೂತಾಗ ಮೊದಲು ಕ್ರಾಪ್ ಮಾಡಿದೆ. ಟವಲ್ಲು ಅಂಚಲ್ಲೇ ಇತ್ತಲ್ಲ, ಎಡಗಡೆಯಿಂದ ಸ್ವಲ್ಪ ಕತ್ತರಿಸಿದರೆ ಹೋಯಿತು. ಅಷ್ಟು ದೊಡ್ಡ ಟವಲ್ಲನ್ನು ಹೀಲಿಂಗಲ್ಲಿ ಅಳಿಸಲು ಹೋಗಿದ್ದರೆ ಗೋಡೆ ಮೇಲೆ ಮೋಡ ಕವಿದ ಹಾಗೆ ಆಗುತ್ತಿತ್ತು.

ಆಮೇಲೆ ಟೂಲ್ಸ್ ಒತ್ತಿ ಹೀಲಿಂಗ್ ಆರಿಸಿಕೊಂಡೆ. ಇಲ್ಲಿ ಬ್ರಷ್ಷಿನ ಗಾತ್ರ ಬದಲಿಸುವ ಗುಂಡಿ ಹುಡುಕಬೇಡಿ. ಪರದೆ ಮೇಲೆ ಬ್ರಷ್ಷು ಯಾವಾಗಲೂ ಅಷ್ಟೇ ದಪ್ಪ ಇರುತ್ತದೆ. ಎರಡು ಬೆರಳಿಂದ ಫೋಟೋವನ್ನು ಹಿಗ್ಗಿಸಿದರೆ, ಫೋಟೋದ ಲೆಕ್ಕದಲ್ಲಿ ಬ್ರಷ್ಷು ಸಣ್ಣದಾಯಿತು ಅಂತಲೇ ಅರ್ಥ. ಹಿಗ್ಗಿಸಿದಾಗ ಕೆಳಗೆ ಮೂಲೆಯಲ್ಲಿ ಒಂದು ಚಿಕ್ಕ ಫೋಟೋ ಬರುತ್ತದೆ, ಅದರೊಳಗೆ ನೀಲಿ ಚೌಕ ಇರುತ್ತದೆ. ಆ ಚೌಕವನ್ನು ಎಳೆದರೆ ಬೇಕಾದ ಜಾಗಕ್ಕೆ ಹೋಗಬಹುದು. ಐಫೋನಿನ ಹೊಸ ಆವೃತ್ತಿಯಲ್ಲಿ ಗುಂಡಿಗಳ ಜಾಗ ಸ್ವಲ್ಪ ಆಚೀಚೆ ಆಗಿದೆ, ಕೆಲಸದ ರೀತಿ ಇದೇ.

ಮೊಳೆಗಳಿಂದ ಶುರು ಮಾಡಿ, ಅದು ಸುಲಭ. ಒಂದು ಸಲ ಮುಟ್ಟಿದರೆ ಸಾಕು. ಆದರೆ ಮೊಳೆಯ ನೆರಳು ಮರೆಯಬೇಡಿ. ಪಕ್ಕದಿಂದ ಬಿಸಿಲು ಬಿದ್ದಿದ್ದರಿಂದ ಒಂದೊಂದು ಮೊಳೆಗೂ ಉದ್ದನೆಯ ನೆರಳಿತ್ತು. ಮೊಳೆ ಮಾತ್ರ ತೆಗೆದು ನೆರಳು ಬಿಟ್ಟರೆ, ಏನೂ ಇಲ್ಲದ ಗೋಡೆ ಮೇಲೆ ಒಂದು ಗೀರು ಉಳಿಯುತ್ತದೆ. ನೋಡಿದವರಿಗೆ ಏನು ತಪ್ಪಾಗಿದೆ ಅಂತ ಹೇಳಲು ಬರಲ್ಲ, ಆದರೆ ಏನೋ ಸರಿ ಇಲ್ಲ ಅನಿಸುತ್ತದೆ. ಮೊಳೆ, ನೆರಳು ಎರಡನ್ನೂ ಸೇರಿಸಿ ಒಂದೇ ಎಳೆತದಲ್ಲಿ ಮುಚ್ಚಿ, ಬೆರಳು ಎತ್ತಿ. ಎತ್ತಿದ ಮೇಲೆಯೇ ಅದು ಕೆಲಸ ಮಾಡುತ್ತದೆ.

ವೈರು ಹೆಚ್ಚು ತಾಳ್ಮೆ ಕೇಳುತ್ತದೆ. ಈ ತುದಿಯಿಂದ ಆ ತುದಿಗೆ ಒಂದೇ ಸಲ ಎಳೆದುಬಿಡೋಣ ಅಂತ ಎಲ್ಲರಿಗೂ ಅನಿಸುತ್ತದೆ, ಆದರೆ ನಮ್ಮ ಗೋಡೆ ಒಂದೇ ಬೆಳಕಲ್ಲಿ ಇರಲಿಲ್ಲ. ಸೂರಿನ ಕೆಳಗೆ ಕತ್ತಲು, ಕೆಳಗೆ ಬರುತ್ತಾ ಬೆಳಕು. ಉದ್ದಕ್ಕೆ ಎಳೆದರೆ ಬೆಳಕಿನ ಜಾಗಕ್ಕೆ ಕತ್ತಲಿನ ತೇಪೆ ಬೀಳಬಹುದು, ಪಟ್ಟಿ ಕಾಣುತ್ತದೆ. ಅದಕ್ಕೆ ಬೆರಳಿನ ಒಂದು ಗೆಣ್ಣಿನಷ್ಟು ಉದ್ದ ಮಾತ್ರ ಎಳೆದು, ಬಿಟ್ಟು, ಮತ್ತೆ ಅಷ್ಟೇ ಎಳೆದೆ. ಹೀಗೆ ತುಂಡು ತುಂಡಾಗಿ ಮಾಡಿದಾಗ ಹತ್ತಿರದ ಗೋಡೆಯೇ ಬಂದು ಕೂತಿತು.

ವೈರು ಅಜ್ಜಿಯ ಕೂದಲಿಗೆ ಸೇರುವ ಜಾಗದಲ್ಲಿ ನಿಲ್ಲಿಸಿ. ಸ್ವಲ್ಪ ತುಂಡು ಹಾಗೇ ಬಿಡಿ. ಈಗ ಆದಷ್ಟೂ ಹಿಗ್ಗಿಸಿ, ಉಳಿದ ಆ ತುಂಡನ್ನು ಗೋಡೆ ಕಡೆಯಿಂದ ಕೂದಲ ಕಡೆಗೆ, ಕೂದಲಿಗೆ ತಾಗದ ಹಾಗೆ ಒಂದೊಂದೇ ಚುಕ್ಕಿ ಇಟ್ಟು ತೆಗೆಯಿರಿ. ಕೊನೆಗೆ ಕೂದಲ ಪಕ್ಕದಲ್ಲೇ ಒಂದು ಕರಿ ಚುಕ್ಕಿ ಉಳಿದರೆ ಉಳಿಯಲಿ ಬಿಡಿ, ಅದು ಕೂದಲ ನೆರಳಿನ ಹಾಗೇ ಕಾಣುತ್ತದೆ. ಅದನ್ನೂ ತೆಗೆಯಲು ಹೋಗಿ ಕಿವಿ ಮೇಲಿನ ಕೂದಲನ್ನೇ ಕಳೆದುಕೊಂಡರೆ, ಕೆಳಗಡೆ ಹಿಂದಕ್ಕೆ ಹೋಗುವ ಬಾಣ ಇದೆ, ಒತ್ತಿ ಮತ್ತೆ ಮಾಡಿ. ಎಳೆಯುವ ಅಳತೆ ಸ್ವಲ್ಪ ಬದಲಿಸಿದರೂ ಬೇರೆ ತೇಪೆ ಬರುತ್ತದೆ, ಎರಡನೆಯದೋ ಮೂರನೆಯದೋ ಸಾಮಾನ್ಯವಾಗಿ ಹೊಂದಿಕೊಳ್ಳುತ್ತದೆ.

ಚಪ್ಪಲಿ ಬಿದ್ದಿದ್ದು ಜಗಲಿಯ ಅಂಚಿನ ಗೆರೆ ಮೇಲೆ. ಒಂದೇ ಸಲ ಅಳಿಸಿದರೆ ಗೆರೆ ಅಲ್ಲಿ ಮುರಿದು ಸೊಟ್ಟಗಾಗುತ್ತದೆ. ಮೊದಲು ಗೆರೆ ಹಾದು ಹೋಗುವ ಭಾಗವನ್ನು ಮಾತ್ರ, ಗೆರೆಯ ಉದ್ದಕ್ಕೇ, ಎರಡೂ ಕಡೆ ಚೂರು ಜಾಸ್ತಿ ಸೇರಿಸಿ ಎಳೆದೆ. ಗೆರೆ ಕೂಡಿಕೊಂಡ ಮೇಲೆ ಮೇಲಿನ ತುಂಡು, ಕೆಳಗಿನ ತುಂಡು ಬೇರೆ ಬೇರೆ ತೆಗೆದೆ. ನಮ್ಮ ಜಗಲಿ ಕೆಂಪು ಗಾರೆಯದ್ದು, ಒಂದೇ ಬಣ್ಣ, ಹಾಗಾಗಿ ಚೆನ್ನಾಗಿ ಬಂತು. ಅಲ್ಲಿ ಚೌಕ ಚೌಕದ ಟೈಲ್ಸ್ ಇದ್ದಿದ್ದರೆ ನಾನು ಚಪ್ಪಲಿಯನ್ನು ಹಾಗೇ ಬಿಡುತ್ತಿದ್ದೆ.

ಸರಿ ಹೋಯಿತಾ ಅಂತ ನೋಡಲು ಎರಡು ದಾರಿ. ಒಂದು, ಫೋಟೋವನ್ನು ಪೂರ್ತಿ ಚಿಕ್ಕದು ಮಾಡಿ, ಫೋನನ್ನು ಕೈಯಳತೆ ದೂರ ಹಿಡಿದು, ಗೋಡೆ ಮೇಲೆ ಒಂದೇ ಥರದ ಕಲೆ ಎರಡು ಕಡೆ ಇದೆಯಾ ನೋಡಿ. ಸುಣ್ಣ ಕಿತ್ತುಬಂದ ಒಂದು ಕಲೆ ನಮ್ಮ ಗೋಡೆಯಲ್ಲಿ ಅವಳಿ ಆಗಿಬಿಟ್ಟಿತ್ತು. ಎರಡರಲ್ಲಿ ಒಂದರ ಮೇಲೆ ಮತ್ತೆ ಹೀಲಿಂಗ್ ಮುಟ್ಟಿಸಿದೆ. ಇನ್ನೊಂದು ದಾರಿ ನನಗೆ ತುಂಬಾ ಇಷ್ಟ. ಟಿಕ್ ಒತ್ತಿ ಹೊರಬಂದು, ಡೀಟೇಲ್ಸ್ ಅನ್ನುವ ಟೂಲಲ್ಲಿ ಸ್ಟ್ರಕ್ಚರ್ ಅನ್ನು ಪೂರ್ತಿ ಮೇಲಕ್ಕೆ ಏರಿಸಿ. ಗೋಡೆಯ ಒರಟುತನ ಎದ್ದು ಬರುತ್ತದೆ, ತೇಪೆ ಹಾಕಿ ನುಣ್ಣಗಾದ ಜಾಗಗಳು ಅದರ ನಡುವೆ ಬೋಳಾಗಿ ಕಾಣುತ್ತವೆ. ಎಲ್ಲೆಲ್ಲಿ ಅಂತ ಗುರುತು ಮಾಡಿಕೊಂಡು, ಟಿಕ್ ಒತ್ತದೆ ಅಡ್ಡಗುರುತು ಒತ್ತಿ ಹೊರಗೆ ಬನ್ನಿ. ಅದು ಬರೀ ಪರೀಕ್ಷೆಗೆ.

ಈಗ ಡ್ರಮ್ಮು. ಟೂಲ್ಸಲ್ಲಿ ಬ್ರಷ್ ಅಂತ ಇದೆ. ಅದರೊಳಗೆ ನಾಲ್ಕು ಬಗೆ ಸಿಗುತ್ತವೆ, ನಮಗೆ ಬೇಕಾದ್ದು ಎರಡೇ, ಬಣ್ಣದ ಗಾಢತೆ ಬದಲಿಸುವ ಸ್ಯಾಚುರೇಷನ್ ಮತ್ತು ಬೆಳಕು ಬದಲಿಸುವ ಎಕ್ಸ್‌ಪೋಷರ್. ಮೊದಲು ಸ್ಯಾಚುರೇಷನ್ ಆರಿಸಿ, ಕೆಳಗಿನ ಬಾಣ ಒತ್ತಿ ಮೈನಸ್ 10ಕ್ಕೆ ಇಳಿಸಿ, ಡ್ರಮ್ ಮೇಲೆ ಬಳಿಯಿರಿ. ನೀಲಿ ಇಳಿದು ಬೂದಿ ಬಣ್ಣಕ್ಕೆ ಬರುತ್ತದೆ. ಸೆರಗಿನ ಹತ್ತಿರ ಬಂದಾಗ ಹಿಗ್ಗಿಸಿ, ಬ್ರಷ್ಷು ಸಣ್ಣದಾಗುವುದು ಇಲ್ಲೂ ಹಾಗೇ. ಕಣ್ಣಿನ ಗುರುತಿನ ಗುಂಡಿ ಒತ್ತಿದರೆ ಎಲ್ಲೆಲ್ಲಿ ಬಳಿದಿದ್ದೀರಿ ಅಂತ ಕೆಂಪಲ್ಲಿ ತೋರಿಸುತ್ತದೆ. ನಾನು ನೋಡಿದಾಗ ಕೆಂಪು ಅಜ್ಜಿಯ ಮೊಣಕೈ ಮೇಲೂ ಹರಿದಿತ್ತು, ಅದಕ್ಕೇ ಚರ್ಮ ಅಲ್ಲಿ ಸತ್ತ ಬಣ್ಣಕ್ಕೆ ತಿರುಗಿತ್ತು. ಬಾಣದಿಂದ ಅಂಕಿಯನ್ನು 0ಗೆ ತಂದರೆ ಅದೇ ಬ್ರಷ್ಷು ಅಳಿಸುವ ರಬ್ಬರ್ ಆಗುತ್ತದೆ, ಮೊಣಕೈ ಮೇಲಿನದ್ದನ್ನು ಒರೆಸಿದೆ.

ಬಣ್ಣ ಹೋದ ಮೇಲೂ ಡ್ರಮ್ಮಿನ ಮೇಲ್ಭಾಗ ಬಿಸಿಲಿಗೆ ಮಿಂಚುತ್ತಿತ್ತು. ಎಕ್ಸ್‌ಪೋಷರ್‌ಗೆ ಬಂದು, ಮೈನಸ್ 0.3 ಇಟ್ಟು ಅದರ ಮೇಲೆ ಒಮ್ಮೆ ಆಡಿಸಿದೆ. ಇನ್ನೂ ಕೆಳಗೆ ಇಳಿಸಿ ನೋಡಿದಾಗ ಅಜ್ಜಿಯ ಪಕ್ಕದಲ್ಲಿ ಒಂದು ಕರಿ ಗುಳಿ ಬಿದ್ದ ಹಾಗಾಯಿತು, ಮತ್ತೆ 0.3ಕ್ಕೇ ವಾಪಸ್ ಬಂದೆ. ಡ್ರಮ್ ಈಗಲೂ ಅಲ್ಲೇ ಇದೆ. ಆದರೆ ಕಣ್ಣು ಮೊದಲು ಬಣ್ಣ ಮತ್ತು ಹೊಳಪಿಗೆ ಹೋಗುತ್ತದೆ ನೋಡಿ, ಎರಡೂ ಇಲ್ಲ ಅಂದಮೇಲೆ ಅದು ಗೋಡೆಯ ಒಂದು ಭಾಗದ ಹಾಗೆ ಸುಮ್ಮನೆ ನಿಂತುಕೊಳ್ಳುತ್ತದೆ.

ಕೊನೆಗೆ ಸೆಲೆಕ್ಟಿವ್ ಅನ್ನುವ ಟೂಲ್. ಅಜ್ಜಿಯ ಮುಖಕ್ಕಿಂತ ಪಕ್ಕದ ಗೋಡೆಯೇ ಜಾಸ್ತಿ ಬೆಳ್ಳಗಿತ್ತು. ಗೋಡೆ ಮೇಲೆ ಒಂದು ಬಿಂದು ಇಟ್ಟೆ. ಎರಡು ಬೆರಳಿಂದ ಹಿಗ್ಗಿಸಿ ಕುಗ್ಗಿಸಿದರೆ ಆ ಬಿಂದು ಎಷ್ಟು ದೂರ ಕೆಲಸ ಮಾಡಬೇಕು ಅನ್ನೋದು ಕೆಂಪಾಗಿ ಕಾಣುತ್ತದೆ. ಬೆರಳನ್ನು ಎಡಕ್ಕೆ ಎಳೆದು ಬ್ರೈಟ್‌ನೆಸ್ ಅನ್ನು ಮೈನಸ್ 20ರ ಹತ್ತಿರಕ್ಕೆ ಇಳಿಸಿದೆ. ಬಿಂದು ಇಟ್ಟ ಜಾಗದ ಬಣ್ಣ, ಬೆಳಕು ಎಲ್ಲೆಲ್ಲಿ ಹೋಲುತ್ತದೋ ಅಲ್ಲಿ ಮಾತ್ರ ಈ ಟೂಲ್ ಹೆಚ್ಚು ಕೆಲಸ ಮಾಡುತ್ತದೆ, ಆದ್ದರಿಂದ ಕಡು ಹಸಿರು ಸೀರೆಗೆ ಏನೂ ಆಗಲಿಲ್ಲ. ಆದರೆ ಅಜ್ಜಿಯ ಬಿಳಿ ಕೂದಲೂ ಗೋಡೆಯ ಜೊತೆಗೇ ಮಂಕಾಯಿತು! ಅದಕ್ಕೆ ಕೂದಲ ಮೇಲೆ ಇನ್ನೊಂದು ಬಿಂದು ಇಟ್ಟು, ಅದರ ಅಂಕಿಯನ್ನು 0ಯಲ್ಲೇ ಬಿಟ್ಟೆ. ಆ ಬಿಂದು ಕಾವಲು ಕೂತ ಹಾಗೆ, ಕೂದಲು ತನ್ನ ಬೆಳ್ಳಿ ಬಣ್ಣಕ್ಕೆ ಬಹುಪಾಲು ವಾಪಸ್ ಬಂತು. ಮುಖವನ್ನು ಮುಟ್ಟಲೇ ಇಲ್ಲ, ಹಿಂದಿನ ಗೋಡೆ ಇಳಿದಿದ್ದಕ್ಕೇ ಮುಖ ಬೆಳಗಿದ ಹಾಗಾಯಿತು.

ಉಳಿಸುವಾಗ ಎಕ್ಸ್‌ಪೋರ್ಟ್ ಒತ್ತಿ, ಬೇರೆ ಕಾಪಿಯಾಗಿ ಉಳಿಯುತ್ತದೆ, ತೆಗೆದ ಫೋಟೋ ಹಾಗೇ ಇರುತ್ತದೆ. ಪ್ರಿಂಟ್ ಹಾಕಿಸಲು ಸ್ಟುಡಿಯೋಗೆ ವಾಟ್ಸಾಪಲ್ಲಿ ಕಳಿಸುವವರು ಫೋಟೋ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ. ಫೋಟೋ ಅಂತ ಹೋದರೆ ಅದು ಕುಗ್ಗುತ್ತದೆ, ನಾವು ಹಾಕಿದ ತೇಪೆಗಳ ಅಂಚು ದೊಡ್ಡ ಪ್ರಿಂಟಲ್ಲಿ ಕಲಸಿಕೊಂಡು ಎದ್ದು ಕಾಣಬಹುದು.

ಫ್ರೇಮ್ ಹಾಕಿಸಿ ಊರಿಗೆ ತೆಗೆದುಕೊಂಡು ಹೋದಾಗ ಅಜ್ಜಿ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ವೈರು ಹೋಗಿದ್ದು, ಮೊಳೆ ಹೋಗಿದ್ದು ಅವರ ಗಮನಕ್ಕೇ ಬರಲಿಲ್ಲ. ಕಾಯಿ ರಾಶಿ ಮೇಲೆ ಬೆರಳಿಟ್ಟು, "ಇದು ಹೋದ್ ಸಲ ಕೆಡವಿದ್ ಕಾಯಲ್ವೇನೋ ಮಗಾ" ಅಂದರು.

ನಮಸ್ಕಾರ.